ಮಲ್ಲೇಶ್ವರಂ ಅಂಗಡಿಗೆ ಕಳಿಸುವ ಪಾರ್ಸೆಲ್: ಪ್ಯಾಕಿಂಗ್ ಚೀಟಿ

ಶಿರಸಿ, 9 ಜುಲೈ 2025, ಬುಧವಾರ. ಸಂಜೆ 4ಕ್ಕೆ ಕೊರಿಯರ್ ಗಾಡಿ ಬರುತ್ತದೆ. 3 ಪೆಟ್ಟಿಗೆ.

ಪ್ಯಾಕಿಂಗಿಗೆ ಕೂರುವ ಎಲ್ಲರೂ ಮೊದಲು ಇದನ್ನೊಮ್ಮೆ ಓದಿಕೊಳ್ಳಿ.

ಬೇಕಾದ ಸಾಮಾನು
5 ಪದರದ ರಟ್ಟಿನ ಪೆಟ್ಟಿಗೆ 3 (ಹೊಸದೇ ಆಗಬೇಕು, ಕಿರಾಣಿ ಅಂಗಡಿಯ ಹಳೇದು ಬೇಡ)
ಒಳಗಿಡಲು ಸಣ್ಣ ಪೆಟ್ಟಿಗೆ 5
ಬಬಲ್ ಶೀಟ್ 15 ಮೀಟರ್
ಟಿಶ್ಯೂ ಕಾಗದ 40 ಹಾಳೆ
ಹಳೇ ಪೇಪರ್ 4 ಕೆಜಿ
2 ಇಂಚಿನ ಬ್ರೌನ್ ಟೇಪ್ 3 ರೋಲ್
ದೊಡ್ಡ ಪ್ಲಾಸ್ಟಿಕ್ ಚೀಲ 3, ಸಿಲಿಕಾ ಜೆಲ್ ಪೊಟ್ಟಣ 8

ಭತ್ತದ ಹುಲ್ಲು ತುಂಬಬೇಡಿ. ಈ ಮಳೆಯಲ್ಲಿ ಅದು ತೇವ ಎಳೆದು ಬೂಸಲು ಬರುತ್ತದೆ.

ಪೆಟ್ಟಿಗೆ 1: ಬೆಂಡಿನ ಕೆಲಸ (45×30×30 ಸೆಂ.ಮೀ., 2.8 ಕೆಜಿ)
ಬಾಸಿಂಗ 3 ಜೋಡಿ
ಯಕ್ಷಗಾನದ ಪುಟ್ಟ ಕಿರೀಟ 2

ಜಾಸ್ತಿ ಜೋಪಾನ ಬೇಕಾದದ್ದು ಇದಕ್ಕೇ. ಬೆಂಡು ಎಷ್ಟು ಮೆತ್ತಗೆ ಅಂದರೆ ಉಗುರು ತಾಗಿದರೂ ಗುರುತು ಉಳಿಯುತ್ತದೆ. ಬಬಲ್ ಶೀಟ್ ಬಿಗಿದರೆ ಗುಳ್ಳೆಗಳ ಅಚ್ಚು ಹೂವಿನ ಮೇಲೆ ಮೂಡುತ್ತದೆ. ಗುಡಿಗಾರರು ಎಸಳು ಎಸಳಾಗಿ ಕತ್ತರಿಸಿ ಮಾಡಿದ್ದು ಅದು, ಅಲ್ವಾ? ಹಾಗಾಗಿ ಟಿಶ್ಯೂ ಮಾತ್ರ ಸಡಿಲವಾಗಿ ಸುತ್ತಿ. ಬುಡವನ್ನು ರಟ್ಟಿನ ತುಂಡಿಗೆ ದಾರದಿಂದ ಕಟ್ಟಿ, ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ. ಜೋಡಿಗೊಂದು, ಕಿರೀಟಕ್ಕೊಂದು ಪೆಟ್ಟಿಗೆ. ಹೂವಿನ ತುದಿ ಎಲ್ಲೂ ಗೋಡೆಗೆ ತಾಗಬಾರದು. ಬಬಲ್ ಶೀಟ್ ಏನಿದ್ದರೂ ಸಣ್ಣ ಪೆಟ್ಟಿಗೆಯ ಹೊರಗೆ. ಸಿಲಿಕಾ ಜೆಲ್ 4.

ಈ ಪೆಟ್ಟಿಗೆಯ ಬಾಡಿಗೆ ನೋಡಿ ಗಾಬರಿಯಾಗಬೇಡಿ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ, ಅದು 8.1 ಕೆಜಿ ಆಗುತ್ತದೆ. ದುಡ್ಡು ಉಳಿಸಲು ಪೆಟ್ಟಿಗೆ ಚಿಕ್ಕದು ಮಾಡುವುದು ಬೇಡ.

ಪೆಟ್ಟಿಗೆ 2: ಮಣ್ಣಿನದು (40×30×30 ಸೆಂ.ಮೀ., 6.1 ಕೆಜಿ)
ಹಣತೆ 24
ಹೂಜಿ 2, ಮುಚ್ಚಳ 2

ಹಣತೆ ಎರಡೆರಡು ಬೆನ್ನಿಗೆ ಬೆನ್ನು, ನಡುವೆ ಪೇಪರ್. ಒಟ್ಟು 12 ಕಟ್ಟು. ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಹೂಜಿಯ ಹೊಟ್ಟೆಯೊಳಗೂ ಪೇಪರ್ ತುಂಬಿ. ಮುಚ್ಚಳ ಬೇರೆ ಸುತ್ತಿ. ಹೂಜಿ ಅಡಿಗೆ, ಹಣತೆ ಮೇಲೆ. ಸಿಲಿಕಾ ಜೆಲ್ 2.

ಪೆಟ್ಟಿಗೆ 3: ಮರ, ಚಿಪ್ಪು (40×30×25 ಸೆಂ.ಮೀ., 4.7 ಕೆಜಿ)
ಶಿವನಿ ಮರದ ಗಣಪತಿ 3
ತೆಂಗಿನ ಚಿಪ್ಪಿನ ಬಟ್ಟಲು 6

ಕಳೆದ ಸಲ ಒಂದು ಗಣಪತಿಯ ಸೊಂಡಿಲು ಮುರಿದು ವಾಪಸ್ ಬಂತು. ಸುತ್ತಿದ್ದು ನಾನೇ. ಸೊಂಡಿಲಿಗೂ ಹೊಟ್ಟೆಗೂ ನಡುವಿನ ಸಂದು ಖಾಲಿ ಬಿಟ್ಟು ಮೇಲಿಂದ ಬಿಗಿದಿದ್ದೆ. ಮೊದಲು ಆ ಸಂದಿಗೆ ಟಿಶ್ಯೂ ಉಂಡೆ ಇಡಿ, ಆಮೇಲೆ ಸುತ್ತಿ. ಬಟ್ಟಲು ಗಟ್ಟಿ, ಒಂದರೊಳಗೊಂದು ಇಟ್ಟರೆ ಸಾಕು. ಸಿಲಿಕಾ ಜೆಲ್ 2.

ಮುಚ್ಚುವಾಗ
ಎಲ್ಲ ಪೆಟ್ಟಿಗೆಗೂ ಒಳಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಸುತ್ತ 2 ಇಂಚು ಪೇಪರ್. ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಸರಿದಾಡಿದರೆ ಬಿಚ್ಚಿ ಮತ್ತೆ ತುಂಬಿ, ಹೊತ್ತಾದರೂ ಪರವಾಗಿಲ್ಲ. ಟೇಪ್ ಹಚ್ಚುವ ಮೊದಲು ಫೋಟೋ ತೆಗೆದು, ಆಯಾ ಪೆಟ್ಟಿಗೆಯ ಪಟ್ಟಿಯ ಒಂದು ಪ್ರತಿ ಮೇಲ್ಗಡೆ ಇಡಿ. ಪೆಟ್ಟಿಗೆ 1ರ ಮೇಲೆ ‘ಭಾರ ಹೇರಬೇಡಿ’ ಅಂತ ನಾಲ್ಕೂ ಬದಿಗೆ ಬರೆಯಿರಿ.