ಭಾನುವಾರದ ಗೋದಾಮು ಶೂಟ್: ಹಾರಿಸುವ ಮುನ್ನದ ಚೆಕ್‌ಲಿಸ್ಟ್

ಕೆಲಸ: ಹೊಸ ಗೋದಾಮಿನ ಕಟ್ಟಡ, ಮೇಲಿನಿಂದ ಡ್ರೋನ್‌ನಲ್ಲಿ ಫೋಟೊ ಮತ್ತು 4ಕೆ ವಿಡಿಯೊ. ಬೆಳಿಗ್ಗೆ 6ಕ್ಕೆ ಜಾಗದಲ್ಲಿರಬೇಕು, 8ರೊಳಗೆ ಮುಗಿಸಬೇಕು. ಬಿಸಿಲೇರಿದರೆ ತಗಡಿನ ಚಾವಣಿ ಬೆಳ್ಳಗೆ ಹೊಳೆದು ಚಿತ್ರ ಕೆಡುತ್ತದೆ. ಹಾರಿಸುವವನು ನಾನು, ಆಕಾಶದ ಮೇಲೂ ಜನರ ಮೇಲೂ ಕಣ್ಣಿಡುವವನು ನೀನು.

ಇಂಟರ್ನೆಟ್ ಬೇಕಾದದ್ದು, ಇನ್ನೊಬ್ಬರ ಒಪ್ಪಿಗೆ ಬೇಕಾದದ್ದು ಎಲ್ಲ ಶನಿವಾರ ರಾತ್ರಿಯೊಳಗೆ ಮುಗಿದಿರಲಿ. ಆ ಜಾಗದಲ್ಲಿ ನೆಟ್‌ವರ್ಕ್ ಬರೀ ಒಂದು ಕಡ್ಡಿ.

ಅನುಮತಿ

☐ ಹಾರಾಟ ವಲಯದ ಅಧಿಕೃತ ನಕ್ಷೆ ನೋಡಿದ್ದೇನೆ, ನಿರ್ಬಂಧವಿಲ್ಲ. ಶನಿವಾರ ರಾತ್ರಿ ಇನ್ನೊಮ್ಮೆ ನೋಡು. ಗಣ್ಯರ ಭೇಟಿಯೋ ದೊಡ್ಡ ಸಭೆಯೋ ಇದ್ದರೆ ತಾತ್ಕಾಲಿಕ ನಿಷೇಧ ರಾತ್ರೋರಾತ್ರಿ ಬರಬಹುದು.

☐ ಮಾಲೀಕರ ಒಪ್ಪಿಗೆ ಪತ್ರ: ದಿನಾಂಕ, ಸಮಯ, ಹಾರಿಸುವ ಗಡಿ ಮೂರೂ ಅದರಲ್ಲಿರಬೇಕು. ಎರಡು ಪ್ರತಿ ಪ್ರಿಂಟ್ ತೆಗೆ, ಒಂದು ಗೇಟಿಗೆ. ಮಾಲೀಕರು ಫೋನಿನಲ್ಲಿ "ಬನ್ನಿ ಬನ್ನಿ" ಅಂದದ್ದು ಬೆಳಿಗ್ಗೆ 6ರ ಪಾಳಿಯ ಕಾವಲುಗಾರನಿಗೆ ಗೊತ್ತಿರುವುದಿಲ್ಲ.

☐ ಪೂರ್ವದ ಗೋಡೆಯಾಚೆಯ ಮನೆಗಳವರಿಗೆ ಶನಿವಾರವೇ ಹೇಳಿ ಬಾ. ಅವರ ಅಂಗಳದ ಮೇಲೆ ಹಾರಿಸುವುದಿಲ್ಲ, ಕ್ಯಾಮೆರಾ ಆ ಕಡೆ ತಿರುಗಿಸುವುದೂ ಇಲ್ಲ.

☐ ಪೈಲಟ್ ಪ್ರಮಾಣಪತ್ರ, ಡ್ರೋನ್ ನೋಂದಣಿ, ವಿಮೆ: ಪ್ರಿಂಟ್ ಒಂದು, ಫೋನಿನಲ್ಲಿ ಒಂದು. ಡ್ರೋನ್ ಮೇಲಿನ ನೋಂದಣಿ ಸಂಖ್ಯೆಯ ಸ್ಟಿಕ್ಕರ್ ಓದಲು ಬರುತ್ತದೆಯೇ ನೋಡು.

☐ ಆ್ಯಪ್‌ಗೆ ಲಾಗಿನ್ ಆಗಿರಲಿ, ಆಫ್‌ಲೈನ್ ನಕ್ಷೆ ಇಳಿಸಿರಲಿ. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಶನಿವಾರ ಮಧ್ಯಾಹ್ನದೊಳಗೆ ಹಾಕಿ ಒಮ್ಮೆ ಹಾರಿಸಿ ನೋಡಬೇಕು. ತಡವಾದರೆ ಮುಟ್ಟಬೇಡ, ಸೋಮವಾರ ಹಾಕೋಣ.

ಬ್ಯಾಟರಿ

ಒಟ್ಟು ಆರು, 1ರಿಂದ 6 ನಂಬರ್ ಬರೆದಿದೆ. ಕಂಪನಿ ಹೇಳುವ ಹಾರಾಟದ ಸಮಯ ಗಾಳಿಯಿಲ್ಲದ ಕಡೆಯ ಲೆಕ್ಕ. ನಮಗೆ ಒಂದಕ್ಕೆ 20 ನಿಮಿಷ ಸಿಕ್ಕರೆ ಸಾಕು. ನಾಲ್ಕು ಹಾರಾಟದ ಯೋಜನೆ, ಎರಡು ಕೈಯಲ್ಲಿ.

☐ ಶನಿವಾರ ರಾತ್ರಿಯೇ ಚಾರ್ಜ್ ಮಾಡು, ಬುಧವಾರ ಮಾಡಿಟ್ಟದ್ದನ್ನು ನಂಬಬೇಡ. ಸ್ಮಾರ್ಟ್ ಬ್ಯಾಟರಿಗಳು ಕೆಲವು ದಿನ ಸುಮ್ಮನೆ ಬಿದ್ದಿದ್ದರೆ ತಾವೇ ಚಾರ್ಜ್ ಇಳಿಸಿಕೊಳ್ಳುತ್ತವೆ.

☐ ಪ್ರತಿಯೊಂದನ್ನೂ ಮೇಜಿನ ಮೇಲೆ ಮಲಗಿಸಿ ನೋಡು. ಅಲುಗಾಡಿದರೆ ಹೊಟ್ಟೆ ಉಬ್ಬಿದೆ ಎಂದರ್ಥ, ಅದು ಚೀಲಕ್ಕೆ ಬರಬಾರದು. "ಇದೊಂದು ಸಲ" ಅನ್ನುವ ಮಾತೇ ಇಲ್ಲ.

☐ ಆ್ಯಪ್‌ನಲ್ಲಿ ಸೆಲ್‌ಗಳ ವೋಲ್ಟೇಜ್: ಪೂರ್ತಿ ತುಂಬಿದಾಗ ಮಾಮೂಲಿ ಲಿಪೊ ಸೆಲ್ ಸುಮಾರು 4.2. ಒಂದು ಸೆಲ್ ಮಾತ್ರ 0.1ಕ್ಕಿಂತ ಹೆಚ್ಚು ಹಿಂದುಳಿದರೆ ಆ ಬ್ಯಾಟರಿ ಮನೆಯಲ್ಲೇ ಇರಲಿ.

☐ ಮುಂಜಾನೆ ಚಳಿ ಇರುತ್ತದೆ. ತಣ್ಣನೆಯ ಬ್ಯಾಟರಿ 100 ತೋರಿಸುತ್ತಲೇ ಥಟ್ಟನೆ ಕುಸಿಯುತ್ತದೆ. ಕಾರಿನೊಳಗೆ ಬೆಚ್ಚಗಿಡು, ಏರಿದ ಮೇಲೆ ನೆಲದ ಹತ್ತಿರವೇ ಒಂದು ನಿಮಿಷ ನಿಲ್ಲಿಸುತ್ತೇನೆ.

☐ ರಿಮೋಟ್ ಮತ್ತು ಫೋನ್ ಪೂರ್ತಿ ಚಾರ್ಜ್. ಇವನ್ನು ಮರೆಯುವುದೇ ಜಾಸ್ತಿ.

ಬ್ಯಾಟರಿ ಶೇಕಡಾ 30ಕ್ಕೆ ಬಂದಾಗ ಗಟ್ಟಿಯಾಗಿ ಹೇಳು, ನಾನು ವಾಪಸ್ ತಿರುಗಿಸುತ್ತೇನೆ. ಇಳಿದ ಬ್ಯಾಟರಿ ಬಿಸಿಯಾಗಿರುತ್ತದೆ, ಆರುವ ತನಕ ಕಾರಿನ ಚಾರ್ಜರ್‌ಗೆ ಹಾಕಬೇಡ.

ಪ್ರೊಪೆಲ್ಲರ್

☐ ಹಾಕಿರುವ ನಾಲ್ಕರ ಅಂಚಿಗೂ ಉಗುರು ಸವರು. ಕೂದಲೆಳೆಯಷ್ಟು ಕಚ್ಚು ಸಿಕ್ಕರೂ ಬದಲಿಸು. ಅದರ ನಡುಕ ವಿಡಿಯೊದಲ್ಲಿ ಜೆಲ್ಲಿಯಂತೆ ಕಾಣುತ್ತದೆ.

☐ ಬಿಡಿ ಪ್ರೊಪೆಲ್ಲರ್ ಎರಡು ಸೆಟ್, ಅಂದರೆ ಎಂಟು. ಬಲಕ್ಕೆ ತಿರುಗುವವು ನಾಲ್ಕು, ಎಡಕ್ಕೆ ತಿರುಗುವವು ನಾಲ್ಕು. ಒಂದೇ ಬಗೆಯ ಎಂಟಿದ್ದರೆ ಪ್ರಯೋಜನವಿಲ್ಲ. ಗುರುತಿರುವುದು ಗುರುತಿರುವ ಮೋಟರಿಗೇ.

☐ ಸ್ಕ್ರೂ ಡ್ರೈವರ್, ಬಿಡಿ ಸ್ಕ್ರೂಗಳ ಡಬ್ಬಿ.

ಕಾರ್ಡ್

☐ 64 ಜಿಬಿಯ ನಾಲ್ಕು ಮೈಕ್ರೊ ಎಸ್‌ಡಿ, ಎಲ್ಲವೂ V30. ನಾವು ತೆಗೆಯುವುದು 100 ಎಂಬಿಪಿಎಸ್, ನಿಮಿಷಕ್ಕೆ ಸುಮಾರು 750 ಎಂಬಿ. ಒಂದೇ ಕಾರ್ಡಿಗೆ ಇಡೀ ಕೆಲಸ ಹಿಡಿಸುತ್ತದೆ. ಆದರೂ ಹಾರಾಟಕ್ಕೊಂದು ಕಾರ್ಡ್: ಡ್ರೋನ್ ನೀರಿಗೆ ಬಿದ್ದರೆ ಆ ಹಾರಾಟದ ಚಿತ್ರವಷ್ಟೇ ಹೋಗಲಿ.

☐ ಹಳೆಯ ಕೆಲಸ ಎರಡು ಕಡೆ ಕಾಪಿ ಆಗಿದೆ ಎಂದು ತೆರೆದು ನೋಡಿದ ಮೇಲೆಯೇ ಫಾರ್ಮ್ಯಾಟ್. ಅದೂ ಡ್ರೋನ್‌ನಲ್ಲೇ.

☐ ಖಾಲಿ ಕಾರ್ಡ್ ಹಸಿರು ಡಬ್ಬಿಗೆ, ತುಂಬಿದ್ದು ಕೆಂಪು ಡಬ್ಬಿಗೆ. ಜೇಬಿಗೆ ಬೇಡ.

ಏರಿಸುವ ಮುನ್ನ, ಜಾಗದಲ್ಲಿ

☐ ಗಿಂಬಲ್‌ನ ಕವಚ ತೆಗೆದು ಆಮೇಲೆ ಆನ್ ಮಾಡು.

☐ ಕಾರು, ಕಬ್ಬಿಣದ ಸರಳುಗಳ ರಾಶಿ ಎರಡರಿಂದಲೂ ದೂರ ಇಡು, ದಿಕ್ಸೂಚಿ ಕೆಡುತ್ತದೆ.

☐ ಹೋಮ್ ಪಾಯಿಂಟ್ ದಾಖಲಾಯಿತೇ? ಪಕ್ಕದ ಟವರ್ 40 ಮೀಟರ್. ಮರಳುವ ಎತ್ತರ 60ಕ್ಕೆ ಇಡಬೇಕು. ನಮ್ಮ ಶಾಟ್‌ಗಳು 80 ಮೀಟರ್ ದಾಟುವುದಿಲ್ಲ.

☐ ಕಾರ್ಡ್ ಒಳಗಿದೆಯೇ? 10 ಸೆಕೆಂಡ್ ರೆಕಾರ್ಡ್ ಮಾಡಿ ಪ್ಲೇ ಮಾಡಿ ನೋಡು.

ಮಳೆ ಹನಿ ಬಿದ್ದರೆ, ಮರದ ಕೊಂಬೆಗಳು ತೂಗಾಡುವಷ್ಟು ಗಾಳಿ ಇದ್ದರೆ ಹಾರಿಸುವುದಿಲ್ಲ. ಬದಲಿ ದಿನ ಮಂಗಳವಾರ ಎಂದು ಗ್ರಾಹಕರಿಗೆ ಆಗಲೇ ತಿಳಿಸಿದ್ದೇನೆ. ಒಪ್ಪಿಗೆ ಪತ್ರದಲ್ಲೂ ಆ ದಿನಾಂಕ ಬರೆಸಿದ್ದೇನೆ.