ಜೂನ್ 1ರಿಂದ ನಮ್ಮ ಟೀಮ್‌ನಲ್ಲಿ ಆಗುವ ಬದಲಾವಣೆ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ.

ಶುಕ್ರವಾರ ಸಂಜೆ ಮೀಟಿಂಗ್ ರೂಮಿನ ಬಾಗಿಲ ಹತ್ತಿರದ ಪರದೆಯಲ್ಲಿ 'ಸೌತ್ ಜೋನ್ ಹೊಸ ಸ್ಟ್ರಕ್ಚರ್' ಎಂದು ಕಾಣಿಸಿದ್ದನ್ನು ನಿಮ್ಮಲ್ಲಿ ಯಾರೋ ಫೋಟೊ ತೆಗೆದು ಗ್ರೂಪಿಗೆ ಹಾಕಿದಿರಿ. ಶನಿವಾರ, ಭಾನುವಾರ ನನಗೆ 19 ಫೋನ್ ಬಂದವು. ಇವತ್ತು ಬೆಳಿಗ್ಗೆ ಕೆಳಗಿನ ಟೀ ಅಂಗಡಿಯವರೂ "ಸಾರ್, ಎಲ್ಲಾ ಖಾಲಿ ಮಾಡ್ತೀರಂತೆ, ಹೌದಾ?" ಎಂದು ಕೇಳಿದರು. ನಿಮಗೆ ವಿಷಯ ತಿಳಿಯಬೇಕಾಗಿದ್ದು ಹೀಗಲ್ಲ. ಅದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ.

ಇನ್ನೊಂದು ಮಾತನ್ನೂ ಸರಿ ಮಾಡಬೇಕು. ಬುಧವಾರ ನಿಮ್ಮಲ್ಲಿ ಇಬ್ಬರು ಬಂದು "ಏನಾದರೂ ನಡೀತಿದೆಯಾ?" ಎಂದು ಕೇಳಿದಾಗ "ಏನೂ ಇಲ್ಲ, ಸುಮ್ನೆ ಕೆಲಸ ನೋಡಿ" ಎಂದಿದ್ದೆ. ಆವತ್ತು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಗುರುವಾರ ಸಂಜೆ ನಾಲ್ಕೂವರೆಗೆ. ಆದರೂ ಗೊತ್ತಿಲ್ಲದ ವಿಷಯಕ್ಕೆ ಅಷ್ಟು ಧೈರ್ಯವಾಗಿ 'ಇಲ್ಲ' ಅಂದಿದ್ದು ನನ್ನ ತಪ್ಪು. ಆದ್ದರಿಂದ ಈ ಪತ್ರದಲ್ಲಿ ತೀರ್ಮಾನ ಆಗಿರುವುದನ್ನು 'ಆಗಿದೆ' ಎಂದೂ ಆಗದೇ ಇರುವುದನ್ನು 'ಇನ್ನೂ ಆಗಿಲ್ಲ' ಎಂದೂ ಬರೆಯುತ್ತೇನೆ. ಎರಡನ್ನೂ ಬೆರೆಸುವುದಿಲ್ಲ.

ತೀರ್ಮಾನ ಆಗಿರುವುದು ಇಷ್ಟು. ಜೂನ್ 1ರಿಂದ ಕನ್ನಡ, ತಮಿಳು, ತೆಲುಗು ಡೆಸ್ಕ್‌ಗಳು ಮೂರೂ ಸೇರಿ ಒಂದೇ ಟೀಮ್ ಆಗುತ್ತವೆ. ಜಯನಗರದ ಈ ಆಫೀಸ್ ಮುಚ್ಚುತ್ತದೆ. ನಾವೆಲ್ಲ ಎಲೆಕ್ಟ್ರಾನಿಕ್ ಸಿಟಿ ಆಫೀಸಿನ ಮೂರನೇ ಮಹಡಿಗೆ ಹೋಗುತ್ತೇವೆ. ಕ್ವಾಲಿಟಿ ಚೆಕ್‌ನ ಮೂರು ಹುದ್ದೆ ನಮ್ಮ ಟೀಮ್‌ನಿಂದ ತೆಗೆಯುತ್ತಿದ್ದಾರೆ, ಆ ಕೆಲಸ ಇನ್ನು ಚೆನ್ನೈನಲ್ಲಿ ನಡೆಯುತ್ತದೆ. ಆ ಮೂವರ ಜೊತೆ ಶನಿವಾರವೇ ಎದುರು ಕೂತು ಮಾತಾಡಿದ್ದೇನೆ. ಅವರ ಅನುಮತಿ ಕೇಳಿಯೇ ಇಲ್ಲಿ ಬರೆದಿದ್ದೇನೆ. ದಯವಿಟ್ಟು ಅವರ ಟೇಬಲ್ ಹತ್ತಿರ ಹೋಗಿ "ಅಯ್ಯೋ ಪಾಪ" ಅನ್ನಬೇಡಿ. ಕಂಪನಿಯೊಳಗೆ ಖಾಲಿ ಇರುವ ಬೇರೆ ಹುದ್ದೆಗಳಿಗೆ ಮೊದಲ ಸಂದರ್ಶನ ಅವರಿಗೇ ಎಂದು ಎಚ್‌ಆರ್ ಬರೆದು ಕೊಟ್ಟಿದೆ. ಅದು ಅವಕಾಶ ಮಾತ್ರ, ಕೆಲಸದ ಭರವಸೆ ಅಲ್ಲ. ಅವರಿಗೂ ಹಾಗೆಯೇ ಹೇಳಿದ್ದೇನೆ.

ಕನ್ನಡದಲ್ಲಿ ಬರುವ ಕಾಲ್ ಕನ್ನಡದವರಿಗೇ ಬರುತ್ತದೆ. ಇದೂ ತೀರ್ಮಾನ ಆಗಿದೆ. ನಾಳೆಯಿಂದ ತಮಿಳು ಕಲಿಯಬೇಕಾ ಎಂದು ಒಬ್ಬರು ಕೇಳಿದ್ದರು. ಬೇಡ. ಹುಬ್ಬಳ್ಳಿಯ ಅಜ್ಜಿ ಫೋನ್ ಮಾಡಿ "ಫ್ರಿಜ್ಜ್ ಒಳಗ ನೀರು ಸೋರಾಕತ್ತೈತಿ" ಅಂದರೆ ಅದನ್ನು ಅರ್ಥ ಮಾಡಿಕೊಳ್ಳುವವರು ಬೇಕೇ ಬೇಕು ಎಂದು ಮೀಟಿಂಗ್‌ನಲ್ಲಿ ಹೇಳಿದೆ. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ.

ಇನ್ನು ಯಾಕೆ, ಯಾಕೆ ಈಗ? ಕಾರಣ ನಿಮ್ಮ ಕಣ್ಣೆದುರೇ ಇದೆ. ಗೋಡೆಯ ಬೋರ್ಡಿನಲ್ಲಿ ದಿನದ ಕಾಲ್ ಲೆಕ್ಕ ನೀವೇ ನೋಡುತ್ತೀರಿ. ಸರ್ವಿಸ್ ಬುಕಿಂಗ್ ಈಗ ಜಾಸ್ತಿ ಆಪ್‌ನಲ್ಲೇ ಆಗುತ್ತಿದೆ, ಉಳಿದಿದ್ದು ವಾಟ್ಸಾಪ್‌ನಲ್ಲಿ. ಫೋನ್ ಮಾಡುವವರು ಸಿಟ್ಟಲ್ಲಿ ಇರುವವರು, ಇಲ್ಲವೇ ವಯಸ್ಸಾದವರು. ಮೂರು ಡೆಸ್ಕಿಗೆ ಮೂರು ಆಫೀಸ್ ಬಾಡಿಗೆ ಕಟ್ಟುವುದು ದುಬಾರಿ ಎಂದು ಮೇಲಿನವರ ಲೆಕ್ಕ. ಲೆಕ್ಕ ತಪ್ಪು ಎಂದು ನಾನು ಹೇಳಲಾರೆ. ಆದರೆ ನಾಲ್ಕು ವಾರದ ಗಡುವು ಕೊಟ್ಟಿದ್ದು ಸರಿ ಇಲ್ಲ ಎಂದು ಹೇಳಿದ್ದೇನೆ. ಫ್ರಿಜ್, ಏಸಿ, ಕೂಲರ್ ಅಂತ ಮಾರ್ಚಿನಿಂದ ಮೇವರೆಗೆ ನಮಗೆ ಉಸಿರಾಡಲು ಬಿಡುವಿಲ್ಲ, ಮಳೆ ಹಿಡಿದರೆ ಕಾಲ್ ಇಳಿಯುತ್ತವೆ. ಬೇಸಿಗೆಯ ಕೆಲಸ ನಮ್ಮ ಕೈಲಿ ಮಾಡಿಸಿಕೊಂಡು ಆಮೇಲೆ ಹೇಳಿದರು ಅಂತ ನಿಮಗೆ ಅನಿಸಿದರೆ, ನನಗೂ ಹಾಗೇ ಅನಿಸಿತು.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ನನ್ನ ಕೆಲಸ ಉಳಿಯುತ್ತದಾ?

ಫೋನ್‌ನಲ್ಲಿ ಕೂರುವ 17 ಜನರಲ್ಲಿ ಯಾರ ಹುದ್ದೆಯೂ ಈ ಬದಲಾವಣೆಯಲ್ಲಿ ಹೋಗುವುದಿಲ್ಲ. ಇದು ನನ್ನ ಊಹೆಯಲ್ಲ, ಎಚ್‌ಆರ್ ಮೇಲ್‌ನಲ್ಲಿ ಇದೆ. ದೂರು ಫಾಲೋ-ಅಪ್ ಮಾಡುವ ಆರು ಜನರಲ್ಲಿ ನಾಲ್ಕು ಹುದ್ದೆ ಖಚಿತ. ಎರಡರ ಬಗ್ಗೆ ತೀರ್ಮಾನ ಇನ್ನೂ ಆಗಿಲ್ಲ, ಮೇ 22ರ ಶುಕ್ರವಾರ ಆಗುತ್ತದೆ. ಆ ಎರಡು ಯಾರದು ಎಂದು ಈಗ ಪಟ್ಟಿ ಇಲ್ಲ. ನನ್ನ ಡ್ರಾಯರ್‌ನಲ್ಲೂ ಇಲ್ಲ. ಆರು ಜನರೂ ಮೂರು ವಾರ ಈ ಚಿಂತೆ ಹೊತ್ತುಕೊಂಡು ಇರಬೇಕಾಗುತ್ತದೆ. ಅದನ್ನು ಹಗುರ ಮಾಡುವ ಮಾತು ನನ್ನ ಹತ್ತಿರ ಇಲ್ಲ. "ಏನೂ ಆಗಲ್ಲ ಬಿಡಿ" ಎಂದು ಹೇಳಿ ಆಮೇಲೆ ನಿಮ್ಮ ಮುಖ ನೋಡಲು ನನಗೆ ಆಗುವುದಿಲ್ಲ. ನಿಮ್ಮ ಆರು ಜನರ ಎರಡು ವರ್ಷದ ಕೆಲಸದ ವಿವರ ಬರೆದು ಈ ಗುರುವಾರ ಕಳಿಸುತ್ತೇನೆ. ಕಳಿಸುವ ಮೊದಲು ನಿಮ್ಮ ನಿಮ್ಮ ಭಾಗ ನಿಮಗೆ ತೋರಿಸುತ್ತೇನೆ. ಏನಾದರೂ ಬಿಟ್ಟುಹೋಗಿದ್ದರೆ ಹೇಳಿ.

ನನ್ನದೂ ಹೇಳಿಬಿಡುತ್ತೇನೆ. ಮೂರು ಡೆಸ್ಕಿಗೆ ಮೂರು ಲೀಡ್‌ಗಳಿದ್ದೇವೆ. ಹೊಸ ಟೀಮಿಗೆ ಇಬ್ಬರು ಸಾಕಂತೆ. ಆ ತೀರ್ಮಾನವೂ 22ಕ್ಕೇ. ಹಾಗಾಗಿ 'ನಾನಿದ್ದೇನೆ, ಹೆದರಬೇಡಿ' ಎಂಬ ಡೈಲಾಗ್ ನನ್ನಿಂದ ಬರುವುದಿಲ್ಲ. ಮೇ ಕೊನೆಯವರೆಗೆ ಅಂತೂ ಇರುತ್ತೇನೆ.

ಈಗ ಕಾಗದದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಕಂಪನಿ ಬದಲಾಗುತ್ತಿಲ್ಲ, ಟೀಮ್ ಮಾತ್ರ ಬದಲಾಗುತ್ತಿದೆ. ಹಾಗಾಗಿ ನಿಮಗೆ ಬರುವುದು ಹೊಸ ಆಫರ್ ಲೆಟರ್ ಅಲ್ಲ, ಹುದ್ದೆಯ ಹೆಸರು ಮತ್ತು ಜಾಗ ಬದಲಾದ ಪತ್ರ. ಅದು ಬಂದಾಗ ಮೊದಲು ಕೆಲಸಕ್ಕೆ ಸೇರಿದ ದಿನಾಂಕ ನೋಡಿ. ಹಳೆಯ ದಿನಾಂಕವೇ ಇರಬೇಕು. ಆಮೇಲೆ ಬೇಸಿಕ್ ಸಂಬಳ ನೋಡಿ. ಅದೂ ಕಡಿಮೆಯಾಗಿರಬಾರದು. ದಿನಾಂಕಕ್ಕೆ ಯಾಕೆ ಇಷ್ಟು ಒತ್ತು ಅಂದರೆ, ಗ್ರಾಚ್ಯುಟಿ ಲೆಕ್ಕ ನಿಂತಿರುವುದೇ ಅದರ ಮೇಲೆ. ನಮ್ಮಂತಹ ಕಾಯಂ ನೌಕರರು ಮಧ್ಯೆ ಬಿಡುವಿಲ್ಲದೆ ಐದು ವರ್ಷ ದುಡಿದಿದ್ದರೆ, ಬಿಡುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಸಿಗುತ್ತದೆ. ಆ 15 ದಿನವನ್ನು ಲೆಕ್ಕ ಹಾಕುವಾಗ ತಿಂಗಳಿಗೆ 26 ದಿನ ಎಂದು ಹಿಡಿಯುತ್ತಾರೆ. ನಮ್ಮಲ್ಲಿ ನಾಲ್ಕು ಜನಕ್ಕೆ ಈ ವರ್ಷವೇ ಐದು ತುಂಬುತ್ತದೆ. "ಒಂದು ಫಾರ್ಮಾಲಿಟಿ, ರಾಜೀನಾಮೆ ಕೊಟ್ಟು ಮತ್ತೆ ಸೇರಿ" ಎಂದು ಯಾರೇ ಹೇಳಿದರೂ ಸಹಿ ಹಾಕಬೇಡಿ. ಕಾಗದ ತೆಗೆದುಕೊಂಡು ನೇರ ನನ್ನ ಹತ್ತಿರ ಬನ್ನಿ. ಹಾಗೆ ಕೇಳುವುದಿಲ್ಲ ಎಂದು ಎಚ್‌ಆರ್ ಹೇಳಿದ್ದಾರೆ, ನಾನು ನಂಬಿದ್ದೇನೆ. ಆದರೂ ಹೇಳುವುದು ನನ್ನ ಕೆಲಸ.

ಪಿಎಫ್ ಬಗ್ಗೆ ಏನೂ ಮಾಡಬೇಕಾಗಿಲ್ಲ. ಯುಎಎನ್ ಅದೇ, ಖಾತೆಯೂ ಅದೇ, ತಿಂಗಳ 12% ಕಡಿತವೂ ಮೊದಲಿನಂತೆಯೇ. ಗಾಬರಿಯಲ್ಲಿ ದುಡ್ಡು ತೆಗೆಯಲು ಅರ್ಜಿ ಹಾಕಬೇಡಿ.

ಹುದ್ದೆ ಹೋಗುವವರಿಗೆ, ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಆರು ತಿಂಗಳು ಸತತ ಕೆಲಸ ಮಾಡಿದ್ದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ನಮ್ಮ ನೇಮಕಾತಿ ಪತ್ರದಲ್ಲಿ ಎರಡು ತಿಂಗಳು ಎಂದಿದೆ, ಕಂಪನಿ ಅದನ್ನೇ ಪಾಲಿಸುತ್ತದೆ. ನಿಮ್ಮ ಪತ್ರ ಮನೆಯಲ್ಲಿ ಎಲ್ಲಿದೆ ಎಂದು ಒಮ್ಮೆ ಹುಡುಕಿ ಇಟ್ಟುಕೊಳ್ಳಿ. ಹೆದರಿಸಲು ಹೇಳುತ್ತಿಲ್ಲ. ಯಾವತ್ತಿದ್ದರೂ ಆ ಪತ್ರ ಕೈಗೆ ಸಿಗುವ ಹಾಗಿರಬೇಕು, ಅಲ್ವಾ?

ಓಡಾಟ. ಇದು ದೊಡ್ಡ ತಲೆನೋವೇ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಹಸಿರು ಮಾರ್ಗದಲ್ಲಿ ಬರುವವರು, ಅಂದರೆ ರಾಜಾಜಿನಗರ, ಯಲಚೇನಹಳ್ಳಿ ಕಡೆಯವರು, ಆರ್.ವಿ. ರೋಡ್‌ನಲ್ಲಿ ಇಳಿದು ಹಳದಿ ಮೆಟ್ರೋ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿವರೆಗೆ ಒಂದೇ ಗಾಡಿ. ಕಳೆದ ವರ್ಷ ಆಗಸ್ಟ್‌ನಲ್ಲಿ ಆ ಮಾರ್ಗ ಶುರುವಾಗದೇ ಇದ್ದಿದ್ದರೆ ಈ ಸುದ್ದಿ ಇನ್ನೂ ಕಹಿಯಾಗಿರುತ್ತಿತ್ತು. ಸಿಲ್ಕ್ ಬೋರ್ಡ್ ಜಾಮ್ ಅನ್ನು ಮೇಲಿನಿಂದ ನೋಡುತ್ತಾ ಹೋಗಬಹುದು, ಅದೊಂದು ಸಮಾಧಾನ. ಕೆಂಗೇರಿಯಿಂದ ಬರುವವರಿಗೆ ಮೆಜೆಸ್ಟಿಕ್‌ನಲ್ಲಿ ಒಮ್ಮೆ, ಆರ್.ವಿ. ರೋಡ್‌ನಲ್ಲಿ ಇನ್ನೊಮ್ಮೆ ಬದಲಿಸಬೇಕು, ಮೂರು ರೈಲು. ಈಗಿನದಕ್ಕಿಂತ ದಿನಕ್ಕೆ ಎರಡು ಗಂಟೆ ಜಾಸ್ತಿ ಹೋಗಬಹುದು. ಅಂಥ ಐದು ಜನರಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ, ತಳ್ಳಿಯೂ ಹಾಕಿಲ್ಲ. ಮೆಟ್ರೋ ಖರ್ಚಿಗೆ ಮೂರು ತಿಂಗಳು ಭತ್ಯೆ ಕೊಡಲು ಒಪ್ಪಿದ್ದಾರೆ.

ಸಂಜೆ ಶಿಫ್ಟ್ ಮುಗಿಸಿ ಹೋಗುವ ಹೆಣ್ಣುಮಕ್ಕಳ ಕ್ಯಾಬ್ ಹೊಸ ಆಫೀಸಿನಿಂದಲೂ ಮನೆ ಬಾಗಿಲಿಗೇ ಇರುತ್ತದೆ. ರಾತ್ರಿ ಕೆಲಸ ಮಾಡಿಸಬೇಕಾದರೆ ವಾಹನ ಕೊಡಲೇಬೇಕು ಎಂಬುದು ಕಾನೂನಿನ ಷರತ್ತು, ಯಾರ ಉಪಕಾರವೂ ಅಲ್ಲ. ಹಾಗಾಗಿ ಅದರ ಚಿಂತೆ ಬಿಡಿ.

ಜೂನ್‌ಗೆ ಶಾಲೆ ಶುರುವಾಗುತ್ತದೆ ಎಂದು ಮಕ್ಕಳಿರುವವರು ಹೇಳಿದಿರಿ. ಮಕ್ಕಳನ್ನು ಬಿಟ್ಟು ಬರುವವರಿಗೆ ಜೂನ್ ತಿಂಗಳು ಪೂರ್ತಿ 10ರ ಬದಲು 11ರ ಶಿಫ್ಟ್ ಕೊಡುತ್ತೇನೆ. ಇದು ನನ್ನ ಕೈಯಲ್ಲಿರುವ ವಿಷಯ, ಯಾರನ್ನೂ ಕೇಳಬೇಕಾಗಿಲ್ಲ. ಇವತ್ತೇ ಹೆಸರು ಕೊಡಿ. ಲೀಡ್ ಬದಲಾದರೂ ಉಳಿಯಲಿ ಎಂದು ರೋಸ್ಟರ್ ಅನ್ನು ಈ ತಿಂಗಳೇ ಲಾಕ್ ಮಾಡಿಸುತ್ತೇನೆ.

ಬೇರೆ ಕಡೆ ಕೆಲಸ ಹುಡುಕಬೇಕು ಅನಿಸಿದರೆ ಹುಡುಕಿ. ನನ್ನಿಂದ ಮುಚ್ಚಿಡಬೇಕಾಗಿಲ್ಲ. ಸಂದರ್ಶನಕ್ಕೆ ರಜೆ ಬೇಕಿದ್ದರೆ "ಹೊಟ್ಟೆನೋವು" ಎಂದು ಬರೆಯಬೇಡಿ, ರಜೆ ಅಂತಲೇ ಕೇಳಿ, ಕೊಡುತ್ತೇನೆ. ಯಾರಾದರೂ ವಿಚಾರಿಸಲು ಫೋನ್ ಮಾಡಿದರೆ ನೀವು ಮಾಡಿದ ಕೆಲಸವನ್ನು ಇದ್ದ ಹಾಗೇ ಹೇಳುತ್ತೇನೆ.

ಇವತ್ತು ಮಧ್ಯಾಹ್ನ 3 ಗಂಟೆಗೆ ಎಚ್‌ಆರ್‌ನವರು ಇಲ್ಲಿಗೇ ಬರುತ್ತಾರೆ. ಎಲ್ಲರ ಮುಂದೆ ಕೇಳಲು ಮುಜುಗರ ಆಗುವ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ನನ್ನ ಟೇಬಲ್ ಮೇಲಿನ ಡಬ್ಬಿಗೆ ಹಾಕಿ, ಹೆಸರು ಬೇಡ. ನಾನೇ ಓದಿ ಕೇಳುತ್ತೇನೆ. ಮಂಗಳವಾರ, ಬುಧವಾರ ಒಬ್ಬೊಬ್ಬರ ಜೊತೆ 20 ನಿಮಿಷ ಕೂರುತ್ತೇನೆ, ಫಾಲೋ-ಅಪ್‌ನ ಆರು ಜನ ಮೊದಲು. ಅದಾದ ಮೇಲೆ ಪ್ರತಿ ಶುಕ್ರವಾರ 5 ಗಂಟೆಗೆ ಗ್ರೂಪಿನಲ್ಲಿ ಏನು ಹೊಸದು ಎಂದು ಬರೆಯುತ್ತೇನೆ. ಹೊಸದೇನೂ ಇಲ್ಲದಿದ್ದರೆ 'ಹೊಸದೇನೂ ಇಲ್ಲ' ಎಂದೇ ಬರೆಯುತ್ತೇನೆ. ನಡುವೆ ಎಲ್ಲಿಂದಲಾದರೂ ಫೋಟೊ, ಸುದ್ದಿ ಬಂದರೆ ಗ್ರೂಪಿಗೆ ಹಾಕುವ ಮೊದಲು ನನಗೊಂದು ಕಳಿಸಿ. ನಿಜವೋ ಸುಳ್ಳೋ ವಿಚಾರಿಸಿ ಹೇಳುತ್ತೇನೆ.

ಇವತ್ತು ಲಾಗಿನ್ 10ಕ್ಕೆ ಬೇಡ, ಹತ್ತೂವರೆಗೆ ಮಾಡಿ. ಅಲ್ಲಿಯವರೆಗೆ ನಾನೂ ತಮಿಳು ಡೆಸ್ಕಿನ ಕನ್ನಡ ಬಲ್ಲ ಇಬ್ಬರೂ ಕ್ಯೂ ನೋಡಿಕೊಳ್ಳುತ್ತೇವೆ. ಕೆಳಗೆ ಹೋಗಿ ಟೀ ಕುಡಿದು ಬನ್ನಿ. ಟೀ ಅಂಗಡಿಯವರು ಕೇಳಿದರೆ ಹೌದು ಅನ್ನಿ, ಮೇ ಕೊನೆಯವರೆಗೆ ಇದ್ದೇವೆ ಅಂತಲೂ ಹೇಳಿ.

ನಿಮ್ಮ ಟೀಮ್ ಲೀಡ್
ಕನ್ನಡ ಡೆಸ್ಕ್, ಜಯನಗರ
ಮೇ 4, ಸೋಮವಾರ