ನಿನ್ನ ಸಂಧಿ ಅಭ್ಯಾಸ, ಬಿಡಿಸಿದ್ದು

ಪುಟ್ಟೀ, ಫೋಟೋ ಬಂತು. ಸೋಮವಾರಪೇಟೆಯಲ್ಲಿ ಮಧ್ಯಾಹ್ನದಿಂದ ಮಳೆ, ನೆಟ್‌ವರ್ಕ್ ಈಗಷ್ಟೇ ಸಿಕ್ಕಿತು. ನೀನು ಪೆನ್ಸಿಲ್‌ನಲ್ಲಿ ಬರೆದ ಉತ್ತರಗಳೂ ಕಾಣಿಸ್ತಿವೆ. ಒಂದೊಂದಾಗಿ ಹೇಳ್ತೀನಿ, ನೋಟ್ಸಿಗೆ ಬರಕೋ.

ಊರೂರು: ಊರು + ಊರು. ಮೊದಲನೇ ಪದದ ಕೊನೆಯ 'ಉ' ಬಿಟ್ಟುಹೋಯ್ತು, ಅರ್ಥ ಕೆಡಲಿಲ್ಲ. ಲೋಪಸಂಧಿ. ನಿಂದು ಸರಿ.

ಹೊಳೆಯಲ್ಲಿ: ಹೊಳೆ + ಅಲ್ಲಿ. ಇಲ್ಲಿ 'ಎ' ಬಿಟ್ಟರೆ 'ಹೊಳಲ್ಲಿ' ಆಗಿ ಅರ್ಥವೇ ಹೋಗುತ್ತೆ. ಅದಕ್ಕೇ ನಡುವೆ 'ಯ್' ಹೊಸದಾಗಿ ಬಂತು: ಯಕಾರಾಗಮ. ಗುರುವನ್ನು ಕೂಡ ಹಾಗೇ, ಗುರು + ಅನ್ನು, ಬಂದದ್ದು 'ವ್', ವಕಾರಾಗಮ.

ಮಳೆಗಾಲಕ್ಕೆ ನೀನು 'ಮಳೆ + ಗಾಲ' ಅಂತ ಬರೆದಿದ್ದೀಯ. 'ಗಾಲ' ಅಂದ್ರೇನು ಹೇಳು? ಬಿಡಿಸಿದ ತುಂಡು ಪದವೋ ಪ್ರತ್ಯಯವೋ ಆಗಿರಲೇಬೇಕು. ಮಳೆ + ಕಾಲ; 'ಕ' ಜಾಗಕ್ಕೆ 'ಗ' ಬಂತು, ಆದೇಶಸಂಧಿ. ಕಂಬನಿ = ಕಣ್ + ಪನಿ, 'ಪ' ಹೋಗಿ 'ಬ'. ಇದೂ ಆದೇಶವೇ.

ಇನ್ನು ಮುಂದಿನವೆಲ್ಲ ಸಂಸ್ಕೃತ ಸಂಧಿ. ದೇವಾಲಯ = ದೇವ + ಆಲಯ, ಅ ಮತ್ತು ಆ ಸೇರಿ ಒಂದೇ 'ಆ': ಸವರ್ಣದೀರ್ಘ. ಏಕೈಕ = ಏಕ + ಏಕ, ಅ + ಏ = ಐ: ವೃದ್ಧಿ.

ಆರನೇ ಸಾಲಿನ ಪದ ಮಸುಕಾಗಿದೆ. 'ಮಹೇಶ'ನೋ 'ಮಹೀಶ'ನೋ? ಪುಸ್ತಕ ತೆಗೆದು ನೋಡು, ಯಾಕಂದ್ರೆ ಉತ್ತರವೇ ಬೇರೆಯಾಗುತ್ತೆ. ಮಹೇಶ ಆದ್ರೆ ಮಹಾ + ಈಶ, ಆ + ಈ = ಏ, ಗುಣಸಂಧಿ. ಮಹೀಶ ಆದ್ರೆ ಮಹೀ + ಈಶ, ಭೂಮಿಗೆ ಒಡೆಯ, ಅಂದ್ರೆ ರಾಜ; ಈ + ಈ = ಈ, ಸವರ್ಣದೀರ್ಘ. ಒಂದು 'ಏ' 'ಈ' ಆದ್ರೆ ಶಿವ ಹೋಗಿ ರಾಜ ಬಂದು ಕೂತ!

ಅತ್ಯಂತಕ್ಕೆ ಯಕಾರಾಗಮ ಅಂತ ಬರೆದಿದ್ದೀಯ. 'ಯ' ಕಂಡ ಕೂಡಲೇ ಹಾಗೆ ಬರೆಯೋ ಮಕ್ಕಳು ತರಗತಿ ತುಂಬ ಇರ್ತಾರೆ. ಅತಿ + ಅಂತ ಬಿಡಿಸಿ, 'ಅತಿ'ಯ 'ಇ' ಎಲ್ಲಿ ಅಂತ ಹುಡುಕು. ಅದೇ 'ಯ್' ಆಗಿಬಿಟ್ಟಿದೆ. ಮುಂದೆ ಬೇರೆ ಜಾತಿಯ ಸ್ವರ 'ಅ' ಇದೆಯಲ್ಲ, ಅದಕ್ಕೆ. ಯಣ್ ಸಂಧಿ. 'ಗಿರಿಯಲ್ಲಿ' ನೋಡು, 'ಇ' ಕದಲದೆ ಕೂತಿದೆ, 'ಯ್' ಹೊರಗಿಂದ ಬಂದಿದೆ. ಇದು ಆಗಮ. ಹಳೇ ಸ್ವರ ಉಳಿದಿದೆಯಾ ಅಂತ ನೋಡಿದ್ರೆ ಸಾಕು, ತಪ್ಪೋದಿಲ್ಲ.

ಸನ್ಮಾನ 'ಸನ್ + ಮಾನ' ಅಲ್ಲ, ಸತ್ + ಮಾನ. ಮುಂದೆ ಅನುನಾಸಿಕ 'ಮ' ಇರೋದ್ರಿಂದ 'ತ್' ತನ್ನದೇ ವರ್ಗದ 'ನ್' ಆಯ್ತು: ಅನುನಾಸಿಕ ಸಂಧಿ. ಸಜ್ಜನದಲ್ಲೂ ಅದೇ 'ಸತ್', ಆದ್ರೆ ಮುಂದೆ 'ಜ' ಬಂದು 'ತ್' 'ಜ್' ಆಯ್ತು. ಅದು ಶ್ಚುತ್ವ.

ಕೊನೆಯ ಪದದ ಮೇಲೆ ನಿನ್ನ ಹೆಬ್ಬೆರಳಿದೆ ಕಣೇ, 'ವಾಗೀ' ಅಷ್ಟೇ ಕಾಣೋದು. ವಾಗೀಶ ಆದ್ರೆ ವಾಕ್ + ಈಶ, 'ಕ್' 'ಗ್' ಆಗಿದೆ, ಜಶ್ತ್ವ. ಬೇರೆ ಇದ್ರೆ ಆ ಮೂಲೆದೊಂದು ಫೋಟೋ ಕಳಿಸು. ಒಂಬತ್ತು ಗಂಟೆವರೆಗೂ ಎಚ್ಚರ ಇರ್ತೀನಿ.

– ಚಿಕ್ಕಮ್ಮ